ಪ್ಲಸ್ ಒತ್ತಿದರೆ ಸದ್ದು ಇಳಿಯುವುದೇಕೆ?

ಚಿಕ್ಕಮ್ಮನ ದೂರು ಕೇಳಿದಾಗ ಮೊದಲು ನಗು ಬಂತು. ‘ಜೋರು ಮಾಡೋಣ ಅಂತ ಪ್ಲಸ್ ಒತ್ತಿದ್ರೆ ಇನ್ನೂ ಮೆತ್ತಗಾಗುತ್ತೆ ಕಣೋ. ಫೋನ್ ಬಂದಾಗ ಮಧ್ಯದ ಬಟನ್ ಒತ್ತಿದ್ರೆ ಎತ್ತೋದೇ ಇಲ್ಲ. ಸುಮ್ನೆ ಒತ್ತಿದ್ರೆ ಅದ್ಯಾವುದೋ ಮಾತಾಡಿ ಹುಡುಕೋ ಪರದೆ ತೆಗೆದುಕೊಳ್ಳುತ್ತೆ. ಹಾಡು ಮಾತ್ರ ಚೆನ್ನಾಗೇ ಕೇಳುತ್ತೆ.’ ಬಟನ್ ಹಾಳಾಗಿದ್ದರೆ ಕೆಲಸ ಮಾಡಬಾರದು, ಅಷ್ಟೇ. ಒಂದರ ಕೆಲಸವನ್ನು ಇನ್ನೊಂದು ಮಾಡುವುದೆಂದರೇನು? ಅವರ ಕೈಯಲ್ಲಿದ್ದದ್ದು ಬೆಳಗಿನ ವಾಕಿಂಗಿಗೆ ಹಾಕಿಕೊಳ್ಳುವ ಸಾಧಾರಣ ವೈರ್ ಇಯರ್‌ಫೋನ್.

ಇದಕ್ಕೆ ಉತ್ತರ ಬೇಕಾದರೆ ಇಯರ್‌ಫೋನಿನ ಪಿನ್ನನ್ನು ಒಮ್ಮೆ ಕಣ್ಣ ಹತ್ತಿರ ಹಿಡಿದು ನೋಡಬೇಕು. ಮೈಕ್ ಇರುವ ಇಯರ್‌ಫೋನಿನ ಪಿನ್ನಿನ ಮೇಲೆ ಮೂರು ಗೆರೆಗಳಿರುತ್ತವೆ. ಅವು ಪಿನ್ನನ್ನು ನಾಲ್ಕು ಲೋಹದ ತುಂಡುಗಳಾಗಿ ಬೇರ್ಪಡಿಸುತ್ತವೆ. ತುದಿಯದು ಎಡಗಿವಿಗೆ, ಮುಂದಿನದು ಬಲಗಿವಿಗೆ, ಮೂರನೆಯದು ಎಲ್ಲಕ್ಕೂ ಸಾಮಾನ್ಯವಾದ ಗ್ರೌಂಡ್, ವೈರಿನ ಪಕ್ಕದ ನಾಲ್ಕನೆಯದು ಮೈಕಿಗೆ. ಲೆಕ್ಕ ಮುಗಿಯಿತು. ಬಟನ್‌ಗಳಿಗೆಂದು ಬೇರೆ ತಂತಿಯೇ ಇಲ್ಲ! ಮೂರೂ ಬಟನ್‌ಗಳು ಮೈಕಿನ ತಂತಿಯ ಮೇಲೆಯೇ ಸವಾರಿ ಮಾಡುತ್ತವೆ.

ಹಾಗಾದರೆ ಯಾವ ಬಟನ್ ಒತ್ತಿದ್ದು ಎಂದು ಫೋನಿಗೆ ತಿಳಿಯುವುದು ಹೇಗೆ? ಮಹಡಿಯ ಟ್ಯಾಂಕಿನಿಂದ ಒಂದೇ ಪೈಪ್ ಇಳಿದು ಮೂರು ನಲ್ಲಿಗೆ ಹೋಗಿದೆ ಎಂದುಕೊಳ್ಳಿ. ಒಂದು ದೊಡ್ಡ ಬಾಯಿಯದು, ಒಂದು ನಡುವಿನದು, ಒಂದು ಸಣ್ಣದು. ಟ್ಯಾಂಕಿನ ಬಳಿ ಕುಳಿತವನು ನೀರು ಇಳಿಯುವ ರಭಸ ನೋಡಿಯೇ ಕೆಳಗೆ ಯಾವ ನಲ್ಲಿ ತಿರುಗಿಸಿದ್ದಾರೆ ಎಂದು ಹೇಳಬಲ್ಲ. ಫೋನ್ ಮಾಡುವುದೂ ಅದನ್ನೇ. ಮೈಕಿನ ತಂತಿಗೆ ಅದು ಸುಮಾರು 2 ವೋಲ್ಟ್ ಕೊಟ್ಟು ಕಾಯುತ್ತದೆ. ಮಧ್ಯದ ಬಟನ್ ಒತ್ತಿದರೆ ಮೈಕ್ ಮತ್ತು ಗ್ರೌಂಡ್ ನೇರವಾಗಿ ಕೂಡಿಕೊಳ್ಳುತ್ತವೆ, ಅಂದರೆ ರೋಧ 0 ಓಮ್. ಪ್ಲಸ್ ಒತ್ತಿದರೆ ನಡುವೆ 240 ಓಮ್, ಮೈನಸ್ ಒತ್ತಿದರೆ 470 ಓಮ್. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್ ಗೊತ್ತುಮಾಡಿರುವ ಅಳತೆಗಳಿವು. ವಾಯ್ಸ್ ಸರ್ಚ್ ತೆರೆಯಲೆಂದು 135 ಓಮಿನ ನಾಲ್ಕನೇ ಬಟನ್ನಿಗೂ ಅದರಲ್ಲಿ ಜಾಗವಿದೆ. ಹೆಚ್ಚಿನ ಇಯರ್‌ಫೋನುಗಳಲ್ಲಿ ಆ ಬಟನ್ ಇರುವುದೇ ಇಲ್ಲ.

ಯಾವ ಇಯರ್‌ಫೋನೂ ಅಳತೆಗೆ ಕರಾರುವಾಕ್ಕಾಗಿ ಇರುವುದಿಲ್ಲವಾದ್ದರಿಂದ ಫೋನ್ ತುಸು ಆಚೀಚೆ ಸಹಿಸಿಕೊಳ್ಳುತ್ತದೆ. 70 ಓಮಿನೊಳಗಿದ್ದರೆ ಮಧ್ಯದ ಬಟನ್. 110ರಿಂದ 180 ಆದರೆ ವಾಯ್ಸ್ ಸರ್ಚ್. 210ರಿಂದ 290 ಆದರೆ ಪ್ಲಸ್. 360ರಿಂದ 680 ಆದರೆ ಮೈನಸ್.

ಈಗ ಬೋರ್‌ವೆಲ್ ನೀರಿನ ಆ ಪೈಪಿನೊಳಗೆ ಉಪ್ಪು ಕಟ್ಟಿತು ಎನ್ನಿ. ದೊಡ್ಡ ನಲ್ಲಿ ತಿರುಗಿಸಿದರೂ ನೀರು ಇಳಿಯುವುದು ನಿಧಾನ. ಮೇಲೆ ಕುಳಿತವನು ಅದನ್ನು ಬೇರೆ ನಲ್ಲಿ ಎಂದು ತಿಳಿಯುತ್ತಾನೆ. ಚಿಕ್ಕಮ್ಮನ ಇಯರ್‌ಫೋನಿನ ದಾರಿಯಲ್ಲಿ ಎಲ್ಲೋ 130 ಓಮಿನಷ್ಟು ಹೆಚ್ಚುವರಿ ರೋಧ ಸೇರಿಕೊಂಡಿದ್ದರೆ ಲೆಕ್ಕ ಹೀಗಾಗುತ್ತದೆ: ಮಧ್ಯದ ಬಟನ್ 0 ಹೋಗಿ 130, ಫೋನಿಗೆ ಅದು ವಾಯ್ಸ್ ಸರ್ಚ್. ಪ್ಲಸ್ 240 ಹೋಗಿ 370, ಅದು ಮೈನಸ್! ಮೈನಸ್ 600 ಆಗಿಯೂ ಮೈನಸ್ಸೇ. ಅವರು ಹೇಳಿದ ಒಂದೊಂದು ಲಕ್ಷಣವೂ ಹೊಂದಿಕೊಂಡಿತು.

ರೋಧ ಸೇರಿರುವುದು ಎಲ್ಲಿ? ಹಾಡು ಚೆನ್ನಾಗಿ ಕೇಳುತ್ತಿದೆ ಎಂಬ ಮಾತು ಅರ್ಧ ಉತ್ತರ ಕೊಟ್ಟಿತ್ತು. ಗ್ರೌಂಡ್ ಕೆಟ್ಟಿದ್ದರೆ ಹಾಡುಗಾರರ ದನಿ ಬಾವಿಯೊಳಗಿಂದ ಬಂದಂತೆ ಕುಗ್ಗಿ, ವಾದ್ಯಗಳಷ್ಟೇ ತೇಲುತ್ತವೆ. ಹಾಗಾಗಿರಲಿಲ್ಲ. ಆದ್ದರಿಂದ ಅನುಮಾನ ಉಳಿದದ್ದು ಮೈಕಿನ ದಾರಿಯ ಮೇಲೆ ಮಾತ್ರ.

ಮನೆಯಲ್ಲಿದ್ದ ಅಗ್ಗದ ಡಿಜಿಟಲ್ ಮಲ್ಟಿಮೀಟರನ್ನು 2000 ಓಮಿಗೆ ತಿರುಗಿಸಿ, ಇಯರ್‌ಫೋನನ್ನು ಫೋನಿನಿಂದ ಬಿಡಿಸಿ, ಪಿನ್ನಿನ ಮೂರನೇ ಮತ್ತು ನಾಲ್ಕನೇ ತುಂಡಿಗೆ ಮೀಟರಿನ ಕಡ್ಡಿಗಳನ್ನು ಒತ್ತಿ ಹಿಡಿದೆ. ಬಟನ್ ಒತ್ತಲು ಚಿಕ್ಕಮ್ಮನೇ ಸಹಾಯಕ್ಕೆ ಬಂದರು. ಈ ಕೆಲಸಕ್ಕೆ ಮೂರು ಕೈ ಬೇಕು. ಮಧ್ಯದ್ದು 2, ಪ್ಲಸ್ 233, ಮೈನಸ್ 455. ಒತ್ತದಿದ್ದಾಗಲೂ ಮೈಕ್ ಅಡ್ಡವಾಗಿ ಸೇರಿಕೊಂಡಿರುತ್ತದೆ, ಅದರಿಂದ ಅಂಕಿ ತುಸು ಕಡಿಮೆ ತೋರುವುದು ಸಹಜ. ಅಂದರೆ ಇಯರ್‌ಫೋನ್ ಆರೋಗ್ಯವಾಗಿದೆ! ಕೊಳೆ ಇರುವುದು ಪಿನ್ ಮತ್ತು ಫೋನಿನ ಜ್ಯಾಕ್ ಸೇರುವ ಕಡೆ. ಮೀಟರಿನ ಚೂಪು ಕಡ್ಡಿ ಪಿನ್ನಿನ ಮೇಲಿನ ಪೊರೆಯನ್ನು ಕೆರೆದು ಲೋಹ ಮುಟ್ಟುತ್ತದೆ, ಜ್ಯಾಕಿನೊಳಗಿನ ಮೆತ್ತನೆಯ ಸ್ಪ್ರಿಂಗಿಗೆ ಆ ಶಕ್ತಿಯಿಲ್ಲ.

ಫೋನ್ ಆಫ್ ಮಾಡಿ, ಟಾರ್ಚ್ ಬಿಟ್ಟು ನೋಡಿದರೆ ಜ್ಯಾಕಿನ ತಳದಲ್ಲಿ ಜೇಬಿನ ನೂಲು, ಧೂಳು ಸೇರಿ ಬತ್ತಿಯಂತೆ ಗಟ್ಟಿಯಾಗಿತ್ತು. ಮರದ ಹಲ್ಲುಕಡ್ಡಿಯಿಂದ ಅದನ್ನು ನಿಧಾನವಾಗಿ ಎತ್ತಿದೆ. ಇಲ್ಲಿ ಗುಂಡುಸೂಜಿ ಹಾಕಿ ಸ್ಪ್ರಿಂಗನ್ನು ಬಗ್ಗಿಸಿಕೊಂಡವರು ಬಹಳ ಮಂದಿ, ದಯವಿಟ್ಟು ಹಾಕಬೇಡಿ. ಪಿನ್ನಿನ ನಾಲ್ಕನೇ ತುಂಡಿನ ಮೇಲೆ ಬೆವರಿನ ಕಪ್ಪು ಕಲೆಯಿತ್ತು. ಹತ್ತಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಉಜ್ಜಿ, ಪೂರಾ ಒಣಗಿಸಿ, ಹತ್ತು ಸಲ ಚುಚ್ಚಿ ತಿರುಗಿಸಿ ತೆಗೆದೆ. ಪ್ಲಸ್ ಮತ್ತೆ ಪ್ಲಸ್ ಆಯಿತು.

ಮೀಟರ್ ಬೇರೆ ಅಂಕಿ ತೋರಿಸಿದ್ದರೆ ಕಥೆಯೂ ಬೇರೆ. ಮೂರೂ ಒಂದೇ ಅಳತೆಯಲ್ಲಿ ಏರಿ, ವೈರನ್ನು ಪಿನ್ನಿನ ಕುತ್ತಿಗೆಯಲ್ಲಿ ಅಲ್ಲಾಡಿಸಿದಾಗ ಅಂಕಿ ಕುಣಿದರೆ ಒಳಗೆ ಎಳೆಗಳು ತುಂಡಾಗಿವೆ ಎಂದರ್ಥ. ಪಿನ್ ಕತ್ತರಿಸಿ ಹೊಸದು ಹಾಕಬಹುದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ನಾಲ್ಕು ತುಂಡಿನ ಬಿಡಿ ಪಿನ್ ಸಿಗುತ್ತದೆ. ಆದರೆ ಈ ವೈರಿನ ಕೂದಲೆಳೆಗಳ ಮೇಲೆ ಬಣ್ಣದ ಲೇಪವಿರುತ್ತದೆ. ಬಿಸಿ ಸೋಲ್ಡರಿನಲ್ಲಿ ಅದ್ದಿ ಆ ಲೇಪ ಸುಡದಿದ್ದರೆ ಬೆಸುಗೆ ಹಿಡಿಯುವುದಿಲ್ಲ. ಮೊದಲ ಸಲ ಮಾಡುವವರು ಸೋಲುವುದು ಇಲ್ಲೇ. ಒಂದೇ ಬಟನ್ನಿನ ಅಂಕಿ ಮಾತ್ರ ತಪ್ಪಿದ್ದರೆ ಆ ಬಟನ್ನಿನೊಳಗೆ ತುಕ್ಕು. ಡಬ್ಬಿಯನ್ನು ಬಿಚ್ಚಿ ತೊಳೆಯಬಹುದು ಎನ್ನುತ್ತಾರೆ, ನಾನಂತೂ ಅಗ್ಗದ ಇಯರ್‌ಫೋನಿಗೆ ಆ ಪಾಡು ಪಡುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಕಾಯಿಲೆಯೂ ಒಂದಿದೆ. ಓಡುವಾಗ ಯಾರೂ ಮುಟ್ಟದೆ ಸದ್ದು ತಾನಾಗಿ ಇಳಿಯುತ್ತದೆ, ಹಾಡು ನಿಲ್ಲುತ್ತದೆ. ಬೆವರು ಬಟನ್ ಡಬ್ಬಿಯೊಳಗೆ ಇಳಿದು ಮೈಕಿಗೂ ಗ್ರೌಂಡಿಗೂ ನಡುವೆ ಸೋರುದಾರಿ ಮಾಡಿದಾಗ ಹೀಗಾಗುತ್ತದೆ. ಸೋರಿಕೆ ಕೆಲವು ನೂರು ಓಮಿಗೆ ಇಳಿದರೆ ಫೋನ್ ಅದನ್ನು ಮೈನಸ್ ಎಂದೇ ಓದುತ್ತದೆ. ಒಂದೆರಡು ದಿನ ಗಾಳಿಗೆ ಒಣಗಲು ಬಿಟ್ಟರೆ ಹಲವು ಸಲ ಸರಿಹೋಗುತ್ತದೆ. ಉಪ್ಪು ಒಳಗೇ ಉಳಿಯುವುದರಿಂದ ಮುಂದಿನ ಬೆವರಿಗೆ ಮತ್ತೆ ಬರುತ್ತದೆ.

ಏನೂ ಕೆಡದೆಯೂ ಬಟನ್ ಸುಮ್ಮನಿರಬಹುದು. ಐಫೋನಿಗೆಂದು ಮಾಡಿದ 3.5 ಮಿ.ಮೀ. ಪಿನ್ನಿನ ಇಯರ್‌ಫೋನಿನಲ್ಲಿ ಪ್ಲಸ್, ಮೈನಸ್‌ಗಳು ಓಮಿನ ಲೆಕ್ಕದವಲ್ಲ. ಒಳಗೊಂದು ಪುಟ್ಟ ಚಿಪ್ ಕಿವಿಗೆ ಕೇಳದ ಸಂಕೇತ ಕಳಿಸುತ್ತದೆ. ಆಂಡ್ರಾಯ್ಡ್ ಫೋನಿಗೆ ಅದು ಅರ್ಥವಾಗದು, ಮಧ್ಯದ ಬಟನ್ ಮಾತ್ರ ನಡೆಯುತ್ತದೆ. ಜ್ಯಾಕ್ ಇಲ್ಲದ ಫೋನುಗಳಿಗೆ ಹಾಕುವ ಟೈಪ್-ಸಿ ಕನೆಕ್ಟರುಗಳಲ್ಲಿ ಕೆಲವು ಹಾಡನ್ನಷ್ಟೇ ದಾಟಿಸಿ ಬಟನ್ನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗಾಗಿ ಇಯರ್‌ಫೋನ್ ಕೊಳ್ಳುವಾಗ ಹಾಡು ಕೇಳಿ ತೃಪ್ತರಾಗಬೇಡಿ. ಅಂಗಡಿಯಲ್ಲೇ ನಿಮ್ಮ ಫೋನಿಗೆ ಚುಚ್ಚಿ, ಮೂರೂ ಬಟನ್ ಒತ್ತಿ ನೋಡಿ, ಆಮೇಲೆ ಹಣ ಕೊಡಿ.