ಚೀಟಿ ಕಿತ್ತುಹೋದ ಶೀಸೆಯಲ್ಲಿ ಏನಿದೆ?

ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಹೆಸರಿನ ಚೀಟಿ ಕಿತ್ತುಹೋದ ಶೀಸೆಯೊಂದಿದೆ ಎಂದುಕೊಳ್ಳಿ. ಒಳಗಿರುವುದು ನೀರಿನಂತೆ ತಿಳಿಯಾದ ಸಾವಯವ ದ್ರವ. ಮೂಸಿ ನೋಡಿ ಹೆಸರು ಹೇಳುವುದು ಅಪಾಯ. ಮೊದಲು ಅದರ ಕುದಿಬಿಂದುವನ್ನು ಅಳೆಯಬೇಕು.

ಅದಕ್ಕೆ ನಾಲ್ಕೈದು ಹನಿ ಸಾಕು. ಸಣ್ಣ ಗಾಜಿನ ನಳಿಗೆಗೆ ದ್ರವ ಹಾಕಿ, ಒಂದು ತುದಿ ಮುಚ್ಚಿದ ಲೋಮನಾಳವನ್ನು ಬಾಯಿ ಕೆಳಗಾಗಿ ಅದರೊಳಗೆ ಇಳಿಬಿಡುತ್ತಾರೆ. ಇದನ್ನು ಥರ್ಮಾಮೀಟರಿಗೆ ಕಟ್ಟಿ, ವಿದ್ಯುತ್ ಒಲೆಯ ಮೇಲಿನ ಬಿಸಿನೀರಿನಲ್ಲಿ ಕಾಯಿಸಬೇಕು. ಇಂಥ ದ್ರವಗಳ ಹತ್ತಿರ ಬೆಂಕಿ ಸುಳಿಯಬಾರದು. ಲೋಮನಾಳದ ಬಾಯಿಂದ ಗುಳ್ಳೆಗಳು ಮಣಿಸರದಂತೆ ಹೊರಟಾಗ ಒಲೆ ಆರಿಸಿ. ಗುಳ್ಳೆ ನಿಂತು ದ್ರವ ಲೋಮನಾಳದೊಳಗೆ ಏರತೊಡಗುವ ಆ ಕ್ಷಣದ ಉಷ್ಣತೆಯೇ ಕುದಿಬಿಂದು.

ನಮ್ಮ ದ್ರವಕ್ಕೆ 76.5 ಡಿಗ್ರಿ ಸೆಲ್ಸಿಯಸ್ ಬಂತು. ಕೋಷ್ಟಕ ತೆರೆದರೆ ಈಥೈಲ್ ಅಸಿಟೇಟ್‌ 77.1ರಲ್ಲಿ ಕುದಿಯುತ್ತದೆ. ಸಿಕ್ಕಿತಲ್ಲ ಎಂದು ಬರೆದುಕೊಂಡರೆ ಕೆಟ್ಟೆವು. ಕೋಷ್ಟಕದ ಅಂಕಿಗಳು 760 ಮಿಲಿಮೀಟರ್ ಪಾದರಸದ ಒತ್ತಡಕ್ಕೆ ಸೇರಿದವು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಒತ್ತಡ ಸುಮಾರು 685 ಮಾತ್ರ. ಅಲ್ಲಿ ನೀರೂ ನೂರಕ್ಕೆ ಮೊದಲೇ, 97ರ ಆಸುಪಾಸಿನಲ್ಲಿ ಕುದಿಯುತ್ತದೆ. ನಮ್ಮ ದ್ರವಕ್ಕೆ ಮೂರು ಡಿಗ್ರಿ ಚಿಲ್ಲರೆ ಸೇರಿಸಿದರೆ 79.6 ಆಗುತ್ತದೆ. ಅದು ಬ್ಯೂಟನೋನ್‌ನ ಕುದಿಬಿಂದು. ಆದರೆ ಎಥನಾಲ್, ಬೆಂಜೀನ್, ಸೈಕ್ಲೊಹೆಕ್ಸೇನ್ ಕೂಡ ಅದರ ಆಚೀಚೆಯೇ ಇವೆ.

ಇಲ್ಲಿ ವಕ್ರೀಭವನ ಸೂಚ್ಯಂಕ ನೆರವಿಗೆ ಬರುತ್ತದೆ. ಅಬ್ಬೆ ರಿಫ್ರಾಕ್ಟೋಮೀಟರಿನ ಎರಡು ಪಟ್ಟಕಗಳ ನಡುವೆ ಒಂದೆರಡು ಹನಿ ಬಿಟ್ಟು, ಬೆಳಕು-ಕತ್ತಲೆಯ ಗಡಿಯನ್ನು ಅಡ್ಡಗೆರೆಗಳ ಸಂಧಿಗೆ ತರಬೇಕು. ದ್ರವ ಬೇಗ ಆರುವುದರಿಂದ ತಡಮಾಡುವಂತಿಲ್ಲ. 27 ಡಿಗ್ರಿಯಲ್ಲಿ 1.3756 ಎಂದು ಓದಿದೆವು. ಉಷ್ಣತೆ ಒಂದು ಡಿಗ್ರಿ ಏರಿದರೆ ಸೂಚ್ಯಂಕ ಸುಮಾರು 0.00045 ಇಳಿಯುತ್ತದೆ, ಅದನ್ನು ಲೆಕ್ಕಹಾಕಿ 20 ಡಿಗ್ರಿಗೆ ತಂದರೆ 1.3788. ಬೆಂಜೀನ್ (1.501), ಸೈಕ್ಲೊಹೆಕ್ಸೇನ್ (1.426), ಎಥನಾಲ್ (1.361) ಮೂರೂ ಹೊರಬಿದ್ದವು. ಐಸೊಪ್ರೊಪೈಲ್ ಆಲ್ಕೊಹಾಲ್ ಮಾತ್ರ 1.3776ರೊಂದಿಗೆ ತೀರಾ ಹತ್ತಿರ ನಿಂತಿದೆ. ಅದರ ಕುದಿಬಿಂದು 82.3 ಆದರೂ, ಥರ್ಮಾಮೀಟರು ಸ್ವಲ್ಪ ತಪ್ಪಿದ್ದರೆ ಅನುಮಾನ ಉಳಿಯುತ್ತದೆ.

ಸಾಂದ್ರತೆ ಆ ಅನುಮಾನವನ್ನು ಕಡಿಮೆ ಮಾಡುತ್ತದೆ. 10 ಮಿಲಿಲೀಟರಿನ ಸಾಂದ್ರತಾ ಶೀಸೆಯಲ್ಲಿ ನಮ್ಮ ದ್ರವ 7.98 ಗ್ರಾಂ ತೂಗಿತು. 20 ಡಿಗ್ರಿಗೆ ಸರಿಪಡಿಸಿದರೆ ಸಾಂದ್ರತೆ 0.805. ಆಲ್ಕೊಹಾಲಿನದು 0.785, ಈಥೈಲ್ ಅಸಿಟೇಟಿನದು 0.90.

ಉಳಿದದ್ದನ್ನು ನೀರು ತೀರ್ಮಾನಿಸುತ್ತದೆ. 5 ಮಿಲಿಲೀಟರ್ ನೀರಿಗೆ 1 ಮಿಲಿಲೀಟರ್ ದ್ರವ ಹಾಕಿ ಅಲುಗಿಸಿದಾಗ ಪೂರ್ತಿ ಕರಗಿತು. ಈಥೈಲ್ ಅಸಿಟೇಟ್ ಆಗಿದ್ದರೆ ಮೇಲೆ ಬೇರೆ ಪದರ ನಿಲ್ಲುತ್ತಿತ್ತು. ದ್ರವವನ್ನು ನೀರಿನಷ್ಟೇ ಆಗುವವರೆಗೆ ಸೇರಿಸಿದಾಗ ಎರಡು ಪದರ ಕಂಡವು. ಐಸೊಪ್ರೊಪೈಲ್ ಆಲ್ಕೊಹಾಲ್ ಎಷ್ಟು ಹಾಕಿದರೂ ನೀರಿನೊಡನೆ ಬೆರೆಯುತ್ತದೆ.

ಇದೆಲ್ಲ ಶುದ್ಧ ದ್ರವಕ್ಕಷ್ಟೇ ಸಲ್ಲುತ್ತದೆ. ಬ್ಯೂಟನೋನ್‌ಗೆ ನೀರು ಸೇರಿದ್ದರೆ ಮಿಶ್ರಣ 73.4ರಲ್ಲೇ ಕುದಿಯತೊಡಗುತ್ತದೆ. ಬಟ್ಟಿ ಇಳಿಸುವಾಗ ಥರ್ಮಾಮೀಟರು ಒಂದೆಡೆ ನಿಲ್ಲದೆ ಏರುತ್ತಾ ಹೋದರೆ ಮೊದಲು ದ್ರವವನ್ನು ಒಣಗಿಸಬೇಕು. ನಾಲ್ಕೂ ಅಂಕಿ ಹೊಂದಿದ ಮೇಲೂ ರಸಾಯನಜ್ಞರು 2,4-ಡೈನೈಟ್ರೊಫಿನೈಲ್‌ಹೈಡ್ರಜೀನ್ ದ್ರಾವಣವನ್ನು ಸೇರಿಸಿ ನೋಡುತ್ತಾರೆ. ಬ್ಯೂಟನೋನ್ ಆದರೆ ಹಳದಿ-ಕಿತ್ತಳೆ ಬಣ್ಣದ ಹರಳು ಕೂರುತ್ತದೆ. ತೊಳೆದು ಒಣಗಿಸಿದ ಆ ಹರಳು 117 ಡಿಗ್ರಿಯ ಸುಮಾರಿಗೆ ಕರಗಿದರೆ ಶೀಸೆಗೆ ಹೊಸ ಚೀಟಿ ಅಂಟಿಸಬಹುದು.