ಅನಾಮಿಕ ಪೇಜಿನ ಹಿಂದಿರುವ ಮೊಬೈಲ್ ಯಾರದು?

ಶಾಲೆಯ ಹೆಸರಿನಲ್ಲೊಂದು ‘ಕನ್ಫೆಷನ್ಸ್’ ಇನ್‌ಸ್ಟಾಗ್ರಾಂ ಪೇಜು. ಅದರಲ್ಲಿ ಒಂಬತ್ತನೇ ತರಗತಿ ಹುಡುಗಿಯ ಫೋಟೊ, ಕೆಳಗೆ ಅವಳ ಬಣ್ಣದ ಬಗ್ಗೆ ಗೇಲಿ. ಇದು ಯಾರ ಕೆಲಸವೆಂದು ಶಾಲೆಯೇ ಪತ್ತೆ ಮಾಡಬಹುದೇ ಎಂದು ಮುಖ್ಯಶಿಕ್ಷಕಿಯೊಬ್ಬರು ಕೇಳಿದ್ದಾರೆ. ಆಗುವುದಿಲ್ಲ. ಖಾತೆಗೆ ಲಾಗಿನ್ ಆದ ಐಪಿ ವಿಳಾಸ ಇರುವುದು ಕಂಪನಿಯ ಸರ್ವರಿನಲ್ಲಿ. ಅದನ್ನು ಕೇಳಿ ಪಡೆಯುವ ಅಧಿಕಾರ ಪೊಲೀಸರದು. ದುಡ್ಡು ಕೊಟ್ಟರೆ ಹೆಸರು ಹೇಳುತ್ತೇವೆ ಎನ್ನುವ ಆ್ಯಪ್‌ಗಳು ಶುದ್ಧ ಮೋಸ.

ಶಾಲೆ ಮಾಡಬೇಕಾದ ಕೆಲಸ ಬೇರೆಯಿದೆ. ರಿಪೋರ್ಟ್ ಒತ್ತುವ ಮೊದಲೇ ಪೇಜಿನ ಮತ್ತು ಪ್ರತಿ ಪೋಸ್ಟಿನ ಲಿಂಕ್, ದಿನಾಂಕ, ಸಮಯ ಬರೆದಿಟ್ಟುಕೊಳ್ಳಬೇಕು. ಬರೀ ಸ್ಕ್ರೀನ್‌ಶಾಟ್ ಸಾಲದು. ಖಾತೆಯ ಹೆಸರನ್ನು ಕ್ಷಣದಲ್ಲಿ ಬದಲಿಸಬಹುದು. ಆಮೇಲೆ ಆ್ಯಪಿನಲ್ಲಿ ರಿಪೋರ್ಟ್ ಮಾಡಿ, ಜಿಲ್ಲೆಯ ಸಿಇಎನ್ ಠಾಣೆಗೋ cybercrime.gov.in ತಾಣಕ್ಕೋ ದೂರು ಕೊಡಬೇಕು. ದೂರಿನ ಮೇಲೆ ಕಂಪನಿ ಪೇಜನ್ನು ತೆಗೆದುಹಾಕಿದರೆ ಸಾಕ್ಷ್ಯವೂ ಹೋಯಿತೆಂದು ಹೆದರಬೇಕಿಲ್ಲ: 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ, ತೆಗೆದುಹಾಕಿದ ವಿಷಯವನ್ನು ಮತ್ತು ಮುಚ್ಚಿದ ಖಾತೆಯ ನೋಂದಣಿ ವಿವರವನ್ನು ಕಂಪನಿ 180 ದಿನ ಇಟ್ಟುಕೊಂಡಿರಬೇಕು. ಮಗುವಿನ ಅಶ್ಲೀಲ ಚಿತ್ರವಿದ್ದರೆ ಮಾತ್ರ ಅದನ್ನು ಶಿಕ್ಷಕರ ಗ್ರೂಪಿಗೂ ಕಳಿಸದೆ ನೇರ ಪೊಲೀಸರಿಗೆ ತಿಳಿಸಬೇಕು. ಪೋಕ್ಸೊ ಕಾಯ್ದೆಯಡಿ ತಿಳಿಸುವುದು ಕಡ್ಡಾಯ.

ಐಪಿ ವಿಳಾಸ ಸಿಕ್ಕ ಮೇಲೆ ನಿಜವಾದ ಕಷ್ಟ ಶುರು. ಹಳೆಯ ಐಪಿವಿ4 ವಿಳಾಸಗಳು ಸಾಲದ ಕಾರಣ ಮೊಬೈಲ್ ಕಂಪನಿಗಳು ಒಂದೇ ವಿಳಾಸವನ್ನು ಒಟ್ಟಿಗೇ ಹಲವಾರು ಗ್ರಾಹಕರಿಗೆ ಹಂಚುತ್ತವೆ. ವಠಾರಕ್ಕೆಲ್ಲ ಒಂದೇ ಡೋರ್ ನಂಬರ್ ಇದ್ದಂತೆ. ಒಳಗಿನ ಮನೆ ಯಾವುದೆಂದು ಹೇಳುವುದು ‘ಪೋರ್ಟ್’ ಎಂಬ ಸಂಖ್ಯೆ ಮತ್ತು ಲಾಗಿನ್ ಆದ ಕರಾರುವಾಕ್ ಗಳಿಗೆ. ಪೋರ್ಟ್ ಇಲ್ಲದಿದ್ದರೆ ಕೈಗೆ ಬರುವುದು ವಠಾರದ ಎಲ್ಲರ ಪಟ್ಟಿ.

ಸಮಯದಲ್ಲೂ ಒಂದು ಗುಂಡಿಯಿದೆ. ಖಾತೆಗೆ ಲಾಗಿನ್ ಆದದ್ದು ರಾತ್ರಿ 9.14ಕ್ಕೆ ಎಂದುಕೊಳ್ಳಿ. ಕಂಪನಿಯ ದಾಖಲೆಯಲ್ಲಿ ಅದು 15:44 UTC ಎಂದಿರುತ್ತದೆ, ಅಂದರೆ ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಅದನ್ನೇ ಮಧ್ಯಾಹ್ನ 3.44 ಎಂದು ಓದಿ ಮೊಬೈಲ್ ಕಂಪನಿಯನ್ನು ಕೇಳಿದರೆ, ಆ ಹೊತ್ತಿನಲ್ಲಿ ಅದೇ ವಿಳಾಸ ಬಳಸುತ್ತಿದ್ದ, ಏನೂ ಅರಿಯದ ಇನ್ಯಾರದೋ ಹೆಸರು ಬರುತ್ತದೆ. ಮಕ್ಕಳೆಲ್ಲ ಪಾಠ ಕೇಳುತ್ತಿದ್ದ ಹೊತ್ತಿನಲ್ಲೇ ಲಾಗಿನ್ ಆದಂತೆ ಕಂಡರೆ ಈ ತಪ್ಪಾಗಿದೆಯೇ ಎಂದು ಮೊದಲು ನೋಡಬೇಕು.

ಎಲ್ಲ ಸರಿಯಾದರೂ ಸಿಗುವುದು ಸಿಮ್ ಯಾರ ಹೆಸರಿನಲ್ಲಿದೆ ಎಂಬುದಷ್ಟೇ. ಶಾಲಾಮಕ್ಕಳ ವಿಷಯದಲ್ಲಿ ಅದು ಸಾಮಾನ್ಯವಾಗಿ ಅಪ್ಪನದೋ ಅಮ್ಮನದೋ ಹೆಸರು. ಪೇಜು ನಡೆಸಿದ್ದು ಯಾರೆಂಬುದಕ್ಕೆ ಫೋನನ್ನೇ ಪರಿಶೀಲಿಸಬೇಕು. ಆಮೇಲೂ ಆ ಮಾತು ಬರೆದವರು ಬೇರೆಯವರಿರಬಹುದು. ಇಂಥ ಪೇಜುಗಳು ಹೆಚ್ಚಾಗಿ ಗೂಗಲ್ ಫಾರ್ಮ್‌ನಲ್ಲಿ ‘ಕನ್ಫೆಷನ್’ ತರಿಸಿಕೊಳ್ಳುತ್ತವೆ. ಇಮೇಲ್ ಕೇಳದ ಫಾರ್ಮ್‌ನಲ್ಲಿ ಕಳಿಸಿದವರ ಗುರುತು ಪೇಜು ನಡೆಸುವವನಿಗೂ ಕಾಣುವುದಿಲ್ಲ. ಅವನನ್ನು ಸ್ಟಾಫ್ ರೂಮಿನಲ್ಲಿ ನಿಲ್ಲಿಸಿ ಗದರಿಸಿದರೆ ಹೊರಬರುವುದು ಊಹೆಯ ಹೆಸರು, ಅದರಿಂದ ಇನ್ನೊಂದು ಮಗು ಸುಮ್ಮನೆ ಸಿಕ್ಕಿಬೀಳುತ್ತದೆ.