ಹೊರಡುವುದೋ, ಉಳಿಯುವುದೋ: ಮಳೆಗಾಲದಲ್ಲಿ ಅತಿಥಿಗೆ ಕಳಿಸುವ ಸಂದೇಶ

ಕೊಡಗಿಗೆ ರೆಡ್ ಅಲರ್ಟ್ ಬಂದ ಸಂಜೆ ಎಷ್ಟೋ ಹೋಮ್‌ಸ್ಟೇಗಳಿಂದ ಅತಿಥಿಗಳ ವಾಟ್ಸಾಪ್‌ಗೆ ಹೋಗುವುದು ಒಂದೇ ಸಾಲು: 'ಭಾರಿ ಮಳೆ ಇದೆ, ಜಾಗ್ರತೆಯಾಗಿರಿ.' ಓದಿದವರಿಗೆ ಗಾಬರಿಯಾಗುತ್ತದೆಯೇ ಹೊರತು ಏನು ಮಾಡಬೇಕೆಂದು ತಿಳಿಯುವುದಿಲ್ಲ. ನಾಳೆ ರೂಮು ಖಾಲಿ ಮಾಡಬೇಕಾದವರಿಗೆ ಬೇಕಿರುವುದು ಎರಡೇ ಉತ್ತರ: ಹೊರಡುವುದಾದರೆ ಎಷ್ಟು ಗಂಟೆಯೊಳಗೆ, ಯಾವ ದಾರಿಯಲ್ಲಿ? ಉಳಿಯುವುದಾದರೆ ಎಷ್ಟು ಹಣಕ್ಕೆ?

ಚಂಡಮಾರುತದಲ್ಲಿ ಮೊದಲ ಪ್ರಶ್ನೆಗೆ ಉತ್ತರ ಸುಲಭ. 2019ರ ಮೇ 3ರ ಬೆಳಿಗ್ಗೆ ಫೋನಿ ಚಂಡಮಾರುತ ಪುರಿಯ ಹತ್ತಿರ ದಡ ಮುಟ್ಟಿತು. ಅದು ಬರುವ ಜಾಗ, ದಿನ ಎರಡೂ ಮೊದಲೇ ಗೊತ್ತಿದ್ದುದರಿಂದ ಒಡಿಶಾ ಸರ್ಕಾರ ಪ್ರವಾಸಿಗರಿಗೆ ಹಿಂದಿನ ಸಂಜೆಯೊಳಗೆ ಪುರಿ ಬಿಡುವಂತೆ ಹೇಳಿತು, ವಿಶೇಷ ರೈಲುಗಳೂ ಓಡಿದವು. ಗುಡ್ಡ ಹಾಗಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮಡಿಕೇರಿ–ಮಂಗಳೂರು ಹೆದ್ದಾರಿಯೇ ಮುಚ್ಚಿಹೋಯಿತು. ಜಿಲ್ಲೆಗೆ ಮಳೆ ಬರುತ್ತದೆಂದು ಹೇಳಬಹುದು, ಯಾವ ತಿರುವಿನಲ್ಲಿ ಮಣ್ಣು ಇಳಿಯುತ್ತದೆಂದು ಹೇಳಲಾಗದು. ಹಾಗಾಗಿ ಇಲ್ಲಿ ಎಲ್ಲರಿಗೂ ಒಂದೇ ಮಾತು ಹೇಳಿ ಕಳಿಸುವಂತಿಲ್ಲ.

ಹವಾಮಾನ ಇಲಾಖೆಯ ಕೆಂಪು ಬಣ್ಣಕ್ಕೆ ಸಾಮಾನ್ಯವಾಗಿ ಒಂದು ದಿನದಲ್ಲಿ 20 ಸೆಂಟಿಮೀಟರಿಗೂ ಹೆಚ್ಚು ಮಳೆಯ ಸಾಧ್ಯತೆ ಎಂದರ್ಥ. ಅವರ ಲೆಕ್ಕದ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ಬುಧವಾರದ ಅಲರ್ಟ್ ಗುರುವಾರ ನಸುಕಿಗೂ ಅನ್ವಯಿಸುತ್ತದೆ ಎನ್ನುವುದನ್ನು ಬೇಗನೆ ಹೊರಡುವ ಅತಿಥಿ ಅರಿಯಬೇಕು.

ಮಡಿಕೇರಿ ಹತ್ತಿರದ ಒಂದು ಮನೆ ಎಂದುಕೊಳ್ಳೋಣ. ಮಂಗಳವಾರ ಮಧ್ಯಾಹ್ನ, ಬುಧವಾರಕ್ಕೆ ರೆಡ್ ಅಲರ್ಟ್ ಬಂದಿದೆ. ಒಂದು ಕುಟುಂಬ ಮಂಗಳೂರಿಗೆ, ಇನ್ನೊಂದು ಮೈಸೂರಿಗೆ ಹೋಗಬೇಕು. ಕಳಿಸುವ ಸಂದೇಶ ಹೀಗಿರಬಹುದು:

'ಮಂಗಳವಾರ ಮಧ್ಯಾಹ್ನ 1 ಗಂಟೆ. ನಾಳೆ ಬೆಳಿಗ್ಗೆ 8.30ರಿಂದ ಕೊಡಗಿಗೆ ರೆಡ್ ಅಲರ್ಟ್ ಇದೆ. ಮೈಸೂರಿಗೆ ಹೋಗುವವರು ಇವತ್ತು 3 ಗಂಟೆಯೊಳಗೆ ಕುಶಾಲನಗರದ ದಾರಿಯಲ್ಲಿ ಹೊರಡಿ, ರಸ್ತೆ ಈಗ ತೆರೆದಿದೆ. ಸಂಪಾಜೆ ಘಾಟಿ ಇಳಿಯುವವರು ದಯವಿಟ್ಟು ಹೊರಡಬೇಡಿ, ಇಲ್ಲೇ ಉಳಿಯಿರಿ. ರಸ್ತೆ ತೆರೆಯುವವರೆಗೆ ಅರ್ಧ ಬಾಡಿಗೆ, ಊಟಕ್ಕೆ ಹಣವಿಲ್ಲ. ಅಬ್ಬಿ ಜಲಪಾತ, ಭಾಗಮಂಡಲದ ಕಡೆ ಹೋಗಬೇಡಿ. ಫೋನ್, ಪವರ್ ಬ್ಯಾಂಕ್ ಚಾರ್ಜ್ ಮಾಡಿಟ್ಟುಕೊಳ್ಳಿ. ಮುಂದಿನ ಸಂದೇಶ ಸಂಜೆ 6ಕ್ಕೆ. ತುರ್ತಿಗೆ 112, ಜಿಲ್ಲಾ ಕಂಟ್ರೋಲ್ ರೂಮ್ 1077.'

ಮೊದಲ ಸಾಲಿನಲ್ಲೇ ಹೊತ್ತು ಬರೆಯಲು ಕಾರಣವಿದೆ. ಸಂದೇಶ ಫಾರ್ವರ್ಡ್ ಆಗುತ್ತಾ ಹೋಗುತ್ತದೆ. 'ರಸ್ತೆ ತೆರೆದಿದೆ' ಎಂಬ ಮಾತನ್ನು ಮರುದಿನ ನಂಬಿದವರು ಮುಚ್ಚಿದ ಘಾಟಿಯಲ್ಲಿ ರಾತ್ರಿ ಕಳೆಯಬೇಕಾದೀತು. ಮರಬಿದ್ದು ಕರೆಂಟ್ ಹೋದರೆ ಕೆಲವು ಗಂಟೆಗಳಲ್ಲಿ ಮೊಬೈಲ್ ಟವರ್‌ಗಳೂ ಸುಮ್ಮನಾಗುತ್ತವೆ. ಆದ್ದರಿಂದ ಅದೇ ಮಾತನ್ನು ಕಾಗದದಲ್ಲಿ ಬರೆದು ಊಟದ ಕೋಣೆಯಲ್ಲಿ ಅಂಟಿಸಿಡಬೇಕು.

ಬಾಡಿಗೆಯ ಮಾತನ್ನು ಹೇಳದೆ ಬಿಡುವವರೇ ಹೆಚ್ಚು, ನನಗೆ ಬೇಸರ ತರಿಸುವುದೂ ಅದೇ. ಇನ್ನೊಂದು ದಿನಕ್ಕೆ ಪೂರ್ತಿ ಹಣ ಕೊಡಬೇಕೇನೋ ಎಂಬ ಅಂಜಿಕೆಗೇ ಮಕ್ಕಳನ್ನು ಕೂರಿಸಿಕೊಂಡು ಘಾಟಿಗೆ ಇಳಿಯುವವರಿದ್ದಾರೆ. ರಿಯಾಯಿತಿ ಎಷ್ಟೇ ಇರಲಿ, ಮೊದಲೇ ಹೇಳಿದರೆ ಅತಿಥಿ ನಿರಾತಂಕವಾಗಿ ಉಳಿಯುತ್ತಾರೆ. ಇದಕ್ಕೆ ರೂಮೂ ಖಾಲಿ ಇರಬೇಕಲ್ಲ? ನಾಳೆ ಬರಬೇಕಾದವರು ಬೆಂಗಳೂರು ಬಿಡುವ ಮೊದಲೇ ಅವರಿಗೆ ಇನ್ನೊಂದು ಸಂದೇಶ ಹೋಗಬೇಕು: 'ಬರಬೇಡಿ, ಮುಂಗಡ ವಾಪಸ್ ಕೊಡುತ್ತೇವೆ, ಇಲ್ಲವೇ ಬೇರೆ ದಿನ ಬನ್ನಿ.' ಇದ್ದವರನ್ನು ಉಳಿಸಿಕೊಳ್ಳುವ ಮಾರ್ಗ, ಬರುವವರನ್ನು ತಡೆಯುವುದು.

ಹೊರಟವರಿಗೆ ಹೇಳಬೇಕಾದ ಇನ್ನೊಂದು ಮಾತು ಹರಿಯುವ ನೀರಿನದು. ರಸ್ತೆಯ ಮೇಲೆ ರಭಸದಿಂದ ಹರಿಯುವ ಅರ್ಧ ಅಡಿ ನೀರು ನಿಂತ ಮನುಷ್ಯನ ಕಾಲು ಕೀಳಬಲ್ಲದು, ಒಂದಡಿ ನೀರು ಸಣ್ಣ ಕಾರನ್ನು ತೇಲಿಸಬಲ್ಲದು. ನೀರು ಕೆಂಪಾಗಿರುವಾಗ ಅಡಿಯ ಡಾಂಬರು ಇದೆಯೋ ಕೊಚ್ಚಿಹೋಗಿದೆಯೋ ಕಾಣುವುದಿಲ್ಲ. ಮುಂದಿನ ಗಾಡಿ ದಾಟಿತೆಂದು ಹಿಂದೆಯೇ ಇಳಿಯಬಾರದು, ತಿರುಗಿ ಬರಬೇಕು. ವಾಪಸು ಬಂದವರಿಗೆ ರೂಮು ಇದ್ದೇ ಇದೆ ಎಂದು ಹೊರಡುವಾಗಲೇ ತಿಳಿಸಿದ್ದರೆ ತಿರುಗಲು ಅವರು ಹಿಂಜರಿಯುವುದಿಲ್ಲ.

ಇಷ್ಟಾದರೂ 'ಇಲ್ಲೇ ಉಳಿಯಿರಿ' ಎನ್ನುವ ಅಧಿಕಾರ ಎಲ್ಲ ಮನೆಗೂ ಇಲ್ಲ. ಗುಡ್ಡ ಕಡಿದು ಸಮಮಾಡಿದ ಜಾಗದಲ್ಲಿ, ನೇರ ನಿಂತ ಬರೆಯ ಕೆಳಗೆ ಕಟ್ಟಿದ ಮನೆಯಾದರೆ ಅತಿಥಿಗಳನ್ನು ಅಲರ್ಟ್ ಬಂದ ದಿನವೇ ಕಳಿಸಬೇಕು. ಅಂಗಳದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಸಿಕ್ಕಿಕೊಳ್ಳುವ ಬಾಗಿಲು, ಮಳೆ ಸುರಿಯುತ್ತಿದ್ದರೂ ತೋಡಿನ ನೀರು ಒಮ್ಮೆಲೇ ಇಳಿಯುವುದು ಅಥವಾ ಕೆಸರಾಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಕಿರುವಾಗಲೇ ಎಲ್ಲರನ್ನೂ ಎಬ್ಬಿಸಿ, ಸಾಮಾನು ಬಿಟ್ಟು, ಬರೆಯಿಂದ ದೂರದ ಕಾಳಜಿ ಕೇಂದ್ರಕ್ಕೆ ಕರೆದೊಯ್ಯಬೇಕು. ಹೊರಡುವಾಗ ಅತಿಥಿಗಳ ಹೆಸರಿರುವ ರಿಜಿಸ್ಟರ್ ಕೈಯಲ್ಲಿರಲಿ. ಕೇಂದ್ರ ತಲುಪಿದ ಮೇಲೆ ಅದನ್ನು ನೋಡಿ ತಲೆ ಎಣಿಸಿ, ಪಂಚಾಯಿತಿಗೂ ಒಂದು ಪ್ರತಿ ಕೊಡಿ.